ಪೇಸ್ಟ್ ಮಾಡಿದ ಲ್ಯಾಬ್ ರಿಪೋರ್ಟನ್ನು ಕಾಲಂಗಳಿಗೆ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ತಂದೆಗೆ ಶುಗರ್, ಬಿಪಿ ಎರಡೂ ಇದೆ. ತೋರಿಸೋದು ದಾವಣಗೆರೆಯಲ್ಲಿ. ರಕ್ತ ಪರೀಕ್ಷೆ ಒಮ್ಮೆ ಅಲ್ಲೇ ಮಾಡಿಸ್ತೀವಿ, ಒಮ್ಮೆ ಊರಲ್ಲೇ. ಲ್ಯಾಬ್‌ನವರು ವಾಟ್ಸಾಪ್‌ಗೆ ಪಿಡಿಎಫ್ ಕಳಿಸ್ತಾರೆ. ಡಾಕ್ಟರು ಪ್ರತಿ ಸಲ "ಹಿಂದಿನ ಸಲ ಎಷ್ಟಿತ್ತು?" ಅಂತ ಕೇಳ್ತಾರೆ. ಅದಕ್ಕೆ ಗೂಗಲ್ ಶೀಟ್‌ನಲ್ಲಿ ಟೆಸ್ಟ್ ಹೆಸರು, ರಿಸಲ್ಟ್, ಯೂನಿಟ್, ನಾರ್ಮಲ್ ರೇಂಜ್ ಅಂತ ನಾಲ್ಕು ಕಾಲಂ ಮಾಡಿದೀನಿ. ಆದ್ರೆ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಎಲ್ಲಾ ಒಂದೇ ಕಾಲಂಗೆ ಬಂದು ಬೀಳುತ್ತೆ. ಸ್ಪೇಸ್ ಇಟ್ಕೊಂಡು ಬಿಡಿಸಿದ್ರೆ ಚೂರು ಚೂರಾಗುತ್ತೆ. ಕೈಯಲ್ಲಿ ಟೈಪ್ ಮಾಡದೆ ಸರಿಯಾಗಿ ಬಿಡಿಸೋಕೆ ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ ಸ್ಪೇಸ್ ಹಿಡಿದು ಹೊರಟರೆ ಅದು ಸಿಗುವುದಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಸ್ಪೇಸ್ ಎಲ್ಲಾ ಕಡೆ ಇರುತ್ತದೆ. ಟೆಸ್ಟ್ ಹೆಸರಿನ ಒಳಗೂ ಇದೆ, ಯೂನಿಟ್ ಒಳಗೂ ಇದೆ, ರೇಂಜ್‌ನ ಎರಡು ಅಂಕಿಗಳ ನಡುವೆಯೂ ಇದೆ. "ಟೋಟಲ್ ಆರ್‌ಬಿಸಿ ಕೌಂಟ್" ಎಂಬ ಹೆಸರೊಂದೇ ಮೂರು ಕಾಲಂ ಆಗಿಬಿಡುತ್ತದೆ. ಹಿಡಿಯಬೇಕಾದ್ದು ಎರಡು ಗುರುತುಗಳನ್ನು. ಸಾಲಿನ ಬಲತುದಿಯಲ್ಲಿ ರೇಂಜ್ ಇರುತ್ತದೆ. ಎಡದಿಂದ ಬಂದರೆ ಒಂಟಿಯಾಗಿ ನಿಂತ ಮೊದಲ ಅಂಕಿಯೇ ಸಾಮಾನ್ಯವಾಗಿ ರಿಸಲ್ಟ್. ಈ ಎರಡು ಸಿಕ್ಕರೆ ಅಂಕಿಯ ಎಡಕ್ಕೆ ಉಳಿದದ್ದು ಹೆಸರು, ನಡುವೆ ಉಳಿದದ್ದು ಯೂನಿಟ್.

ಬಿಡಿಸುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಪೇಸ್ಟ್ ಮಾಡಿದ್ದು ಸಾಲಿನ ಪ್ರಕಾರ ಬಂದಿದೆಯಾ, ಕಾಲಂ ಪ್ರಕಾರ ಬಂದಿದೆಯಾ? ಸಾಲಿನ ಪ್ರಕಾರ ಬಂದಿದ್ದರೆ ಹೀಗೆ ಕಾಣುತ್ತದೆ:

```
Haemoglobin 10.8 L g/dL 13.0 - 17.0
Total RBC Count 4.32 L million/cumm 4.5 - 5.5
PCV 33.5 L % 40 - 50
MCV 77.5 L fL 83 - 101
Total WBC Count 11,200 H cells/cumm 4,000 - 10,000
Platelet Count 2.45 lakhs/cumm 1.5 - 4.1
```

ಒಂದು ಟೆಸ್ಟ್, ಒಂದು ಸಾಲು. ಇದು ಒಳ್ಳೆಯ ಪೇಸ್ಟ್. ಕೆಲವು ಪಿಡಿಎಫ್‌ಗಳಲ್ಲಿ ಹೀಗೆ ಆಗುವುದಿಲ್ಲ. ಮೊದಲು ಎಲ್ಲಾ ಹೆಸರುಗಳು ಒಂದರ ಕೆಳಗೊಂದು ಬರುತ್ತವೆ, ಆಮೇಲೆ ಎಲ್ಲಾ ರಿಸಲ್ಟ್, ಆಮೇಲೆ ಎಲ್ಲಾ ಯೂನಿಟ್. ಪಿಡಿಎಫ್‌ಗೆ "ಟೇಬಲ್" ಎಂದರೆ ಏನೆಂದು ಬಹಳ ಸಲ ಗೊತ್ತೇ ಇರುವುದಿಲ್ಲ. ಈ ಅಕ್ಷರ ಪುಟದ ಈ ಜಾಗದಲ್ಲಿ ಕೂರಬೇಕು ಅಂತ ಮಾತ್ರ ಅದರೊಳಗೆ ಬರೆದಿರುತ್ತದೆ. ಕಾಪಿ ಮಾಡುವಾಗ ಯಾವ ಅಕ್ಷರ ಮೊದಲು ಬರಬೇಕು ಅನ್ನುವುದನ್ನು ನೀವು ಪಿಡಿಎಫ್ ತೆರೆದ ಆ್ಯಪ್ ತೀರ್ಮಾನಿಸುತ್ತದೆ. ಹಾಗಾಗಿ ಫೋನಿನಲ್ಲಿ ಕೆಟ್ಟದಾಗಿ ಬಂದ ರಿಪೋರ್ಟು ಕಂಪ್ಯೂಟರಿನಲ್ಲಿ ಸರಿಯಾಗಿ ಬರಬಹುದು.

ಕಾಲಂ ಪ್ರಕಾರ ಬಂದದ್ದನ್ನು ಅಕ್ಕಪಕ್ಕ ಇಟ್ಟು ಜೋಡಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಯಾಕೆ ಅಂತ ಒಂದು ಕಿಡ್ನಿ ಪ್ಯಾನೆಲ್ ಇಟ್ಟುಕೊಂಡು ನೋಡೋಣ. ಆರು ಹೆಸರುಗಳಿವೆ: ಯೂರಿಯಾ, ಕ್ರಿಯಾಟಿನಿನ್, ಬಿಯುಎನ್-ಕ್ರಿಯಾಟಿನಿನ್ ರೇಶಿಯೋ, ಯೂರಿಕ್ ಆಸಿಡ್, ಸೋಡಿಯಂ, ಪೊಟ್ಯಾಸಿಯಂ. ರಿಸಲ್ಟ್ ಕೂಡ ಆರು: 48, 1.42, 15.8, 6.9, 138, 4.6. ಆದರೆ ಯೂನಿಟ್ ಐದೇ. ರೇಶಿಯೋ ಅಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದ್ದು, ಅದಕ್ಕೆ ಯೂನಿಟ್ ಇರುವುದಿಲ್ಲ. ಪುಟದಲ್ಲಿ ಆ ಜಾಗ ಖಾಲಿ ಇತ್ತು. ಕಾಪಿ ಮಾಡುವಾಗ ಖಾಲಿ ಜಾಗ ಬರುವುದಿಲ್ಲ, ಕೆಳಗಿನ ಯೂನಿಟ್ ಮೇಲಕ್ಕೆ ಜರುಗುತ್ತದೆ. ನಿಮ್ಮ ಶೀಟ್‌ನಲ್ಲಿ ರೇಶಿಯೋ ಎದುರು `mg/dL` ಕೂರುತ್ತದೆ. ಯೂರಿಕ್ ಆಸಿಡ್ 6.9 ಎದುರು ಸೋಡಿಯಂಗೆ ಸೇರಬೇಕಾದ `mmol/L` ಕೂರುತ್ತದೆ. ಸೋಡಿಯಂ ಎದುರು ಪೊಟ್ಯಾಸಿಯಂನ ಯೂನಿಟ್ ಬಂದರೂ ಅದೂ `mmol/L` ಆದ್ದರಿಂದ ಸರಿಯಾಗಿಯೇ ಕಾಣುತ್ತದೆ. ಖಾಲಿ ಉಳಿಯುವುದು ಕೊನೆಯ ಪೊಟ್ಯಾಸಿಯಂ ಒಂದೇ.

ನೋಡಿದವರು ಏನಂದುಕೊಳ್ಳುತ್ತಾರೆ? "ಪೊಟ್ಯಾಸಿಯಂಗೆ ಯೂನಿಟ್ ಬಂದಿಲ್ಲ, ಹಾಕಿಬಿಡೋಣ." ಹಾಕಿದ ಮೇಲೆ ಶೀಟ್ ಭರ್ತಿಯಾಗಿ, ಚೆನ್ನಾಗಿ ಕಾಣುತ್ತದೆ. ತಪ್ಪು ಮಾತ್ರ ಎರಡು ಮೂರು ಸಾಲು ಮೇಲೆ ಹಾಗೇ ಕೂತಿರುತ್ತದೆ. ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳಿ: ಖಾಲಿ ಇರುವ ಯೂನಿಟನ್ನು ಅಂದಾಜಿನ ಮೇಲೆ ತುಂಬಬೇಡಿ, ಪಿಡಿಎಫ್ ತೆರೆದು ಆ ಸಾಲನ್ನು ಕಣ್ಣಾರೆ ನೋಡಿಯೇ ತುಂಬಿ.

ಕಾಲಂ ಪ್ರಕಾರ ಬಂದರೆ ಮಾಡಬೇಕಾದ್ದು ಇಷ್ಟು. ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಬೇರೆ ಪಿಡಿಎಫ್ ರೀಡರ್‌ನಲ್ಲಿ ತೆರೆದು ಕಾಪಿ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ `pdftotext` ಎಂಬ ಉಚಿತ ಪ್ರೋಗ್ರಾಂ ಇದೆ. ಅದಕ್ಕೆ `-layout` ಅಂತ ಸೇರಿಸಿದರೆ ಪುಟದಲ್ಲಿ ಅಕ್ಷರಗಳು ಇದ್ದ ಜಾಗಕ್ಕೆ ತಕ್ಕಂತೆ ಸಾಲು ಕಟ್ಟಿಕೊಡುತ್ತದೆ, ಖಾಲಿ ಜಾಗವೂ ಖಾಲಿಯಾಗಿಯೇ ಉಳಿಯುತ್ತದೆ:

```
pdftotext -layout report.pdf report.txt
```

ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದರೆ `-upw` ಅಂತ ಹಾಕಿ, ಒಂದು ಸ್ಪೇಸ್ ಬಿಟ್ಟು ಪಾಸ್‌ವರ್ಡ್ ಕೊಡಬೇಕು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ 365 ಎಕ್ಸೆಲ್ ಇರುವವರು ಡೇಟಾ ಮೆನುವಿನಿಂದ ಪಿಡಿಎಫ್‌ನ ಟೇಬಲನ್ನು ನೇರವಾಗಿಯೇ ತರಬಹುದು.

ಈಗ ಸಾಲಿನ ಪ್ರಕಾರ ಬಂದ ಪೇಸ್ಟ್‌ಗೆ ಬರೋಣ. ಹೊಸ ಶೀಟ್‌ನಲ್ಲಿ ಎ ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್ ಮೆನುವಿನಲ್ಲಿ ನಂಬರ್, ಅದರೊಳಗೆ ಪ್ಲೇನ್ ಟೆಕ್ಸ್ಟ್ ಒತ್ತಿ. ಆಮೇಲೆ ಎ2 ಸೆಲ್‌ನಿಂದ ಶುರುಮಾಡಿ ಪೇಸ್ಟ್ ಮಾಡಿ. ಈ ಕ್ರಮ ಮುಖ್ಯ. ಇಯೊಸಿನೊಫಿಲ್ ರೇಂಜ್ `1-6` ಅಂತ ಇರುತ್ತದೆ ಅನ್ನಿ. ಅದು ಒಂದು ಸೆಲ್‌ನಲ್ಲಿ ಒಂಟಿಯಾಗಿ ಬಿದ್ದರೆ ಶೀಟ್ ಅದನ್ನು ತಾರೀಖು ಅಂದುಕೊಳ್ಳುತ್ತದೆ. ನಿಮ್ಮ ಸೆಟ್ಟಿಂಗ್ ಭಾರತದ್ದಾಗಿದ್ದರೆ ಜೂನ್ 1, ಅಮೆರಿಕದ್ದಾಗಿದ್ದರೆ ಜನವರಿ 6. ಒಮ್ಮೆ ತಾರೀಖಾದ ಮೇಲೆ ಪ್ಲೇನ್ ಟೆಕ್ಸ್ಟ್ ಒತ್ತಿದರೆ ಹಳೆಯ `1-6` ವಾಪಸ್ ಬರುತ್ತದೆ ಎಂಬ ಭರವಸೆ ಇಲ್ಲ. ಮೊದಲೇ ಒತ್ತಿಟ್ಟರೆ ತಲೆನೋವಿಲ್ಲ.

ಎ ಕಾಲಂನಲ್ಲಿ ಪೇಸ್ಟ್ ಮಾಡಿದ ಮೂಲ ಸಾಲು ಯಾವತ್ತೂ ಹಾಗೇ ಇರಲಿ, ಅದನ್ನು ತಿದ್ದಬೇಡಿ. ಬಿ ಕಾಲಂನಲ್ಲಿ ತೊಳೆದ ಸಾಲು ಬರಲಿ:

```
=TRIM(SUBSTITUTE(REGEXREPLACE(SUBSTITUTE(A2,UNICHAR(160)," "),"[–—−]","-"),"%"," %"))
```

ಇಲ್ಲಿ ಆಗುತ್ತಿರುವುದು ಮೂರು ಕೆಲಸ. ಪಿಡಿಎಫ್‌ನಿಂದ ಬರುವ ಸ್ಪೇಸ್‌ಗಳಲ್ಲಿ ಕೆಲವು ನೋಡಲು ಸ್ಪೇಸ್ ಥರವೇ ಇದ್ದರೂ ಒಳಗೆ ಬೇರೆ ಅಕ್ಷರ, ಅದರ ನಂಬರ್ 160. `TRIM` ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಅದನ್ನು ಮೊದಲು ಸಾದಾ ಸ್ಪೇಸ್ ಮಾಡುತ್ತೇವೆ. ರೇಂಜ್‌ನ ನಡುವಿನ ಗೀಟು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಇರುತ್ತದೆ. ಎಲ್ಲವನ್ನೂ ಕೀಬೋರ್ಡಿನ ಸಾದಾ ಗೀಟಿಗೆ ತರುತ್ತೇವೆ. ಕೊನೆಗೆ `72%` ಅಂತ ಅಂಟಿಕೊಂಡದ್ದನ್ನು ಬಿಡಿಸಿ ನಡುವೆ ಸ್ಪೇಸ್ ಹಾಕುತ್ತೇವೆ.

ಸಿ ಕಾಲಂನಲ್ಲಿ ಅಸಲು ಸೂತ್ರ. ಉದ್ದವಾಗಿದೆ, ಹಾಗೇ ಕಾಪಿ ಮಾಡಿಕೊಳ್ಳಿ:

```
=IFERROR(REGEXEXTRACT(B2,"^(.+?)\s+([<>]?\s?\d[\d.,]*)\s*([HL*]?)\s+(\S.*?)\s+(\d[\d.,]*\s*-\s*\d[\d.,]*|[<>]=?\s*\d[\d.,]*|(?i:up\s*to)\s*\d[\d.,]*)$"),"ನೋಡಿ")
```

ಸಿ ಕಾಲಂ ಒಂದರಲ್ಲಿ ಬರೆದು, ಬಿ ಸೂತ್ರದ ಥರವೇ ಕೆಳಗಿನ ಸಾಲುಗಳಿಗೂ ಎಳೆದರೆ ಸಾಕು, ಉತ್ತರ ಐದು ಕಾಲಂಗೆ ಹರಡಿಕೊಳ್ಳುತ್ತದೆ. ಸಿ ನಲ್ಲಿ ಹೆಸರು, ಡಿ ನಲ್ಲಿ ರಿಸಲ್ಟ್, ಇ ನಲ್ಲಿ ಹೈ ಅಥವಾ ಲೋ ಗುರುತು, ಎಫ್‌ನಲ್ಲಿ ಯೂನಿಟ್, ಜಿ ನಲ್ಲಿ ರೇಂಜ್. ಡಿ ಯಿಂದ ಜಿ ವರೆಗೆ ಖಾಲಿ ಬಿಟ್ಟಿರಬೇಕು. ನೀವು ನಾಲ್ಕು ಕಾಲಂ ಕೇಳಿದ್ದಿರಿ, ನಾನು ಐದು ಕೊಟ್ಟೆ. ಲ್ಯಾಬ್ ಹಾಕಿದ `H`, `L` ಗುರುತಿಗೆ ಸ್ವಂತ ಜಾಗ ಕೊಡದಿದ್ದರೆ ಅದು ಹೋಗಿ ಯೂನಿಟ್‌ಗೆ ಅಂಟಿಕೊಳ್ಳುತ್ತದೆ. ಮುಂದೆ ತಾಳೆ ನೋಡುವುದಕ್ಕೂ ಅದು ಬೇಕು.

ಸೂತ್ರ ಏನು ಮಾಡುತ್ತಿದೆ ಅಂತ ಒಂದು ಸಾಲಿನಲ್ಲಿ ನೋಡಿ. ಡಬ್ಲ್ಯೂಬಿಸಿ ಸಾಲು. ಎಡದಿಂದ "ಟೋಟಲ್", "ಡಬ್ಲ್ಯೂಬಿಸಿ", "ಕೌಂಟ್" ದಾಟುತ್ತದೆ. ಇವು ಯಾವುವೂ ಅಂಕಿಯಿಂದ ಶುರುವಾಗುವುದಿಲ್ಲ, ಎಲ್ಲಾ ಹೆಸರಿಗೆ ಸೇರುತ್ತವೆ. `11,200` ಸಿಕ್ಕ ಕೂಡಲೇ ಅದು ರಿಸಲ್ಟ್. ಪಕ್ಕದ ಒಂಟಿ `H` ಗುರುತು. ಸಾಲಿನ ತುದಿಯಲ್ಲಿ ಅಂಕಿ, ಗೀಟು, ಅಂಕಿ ಇದೆ, ಅದು ರೇಂಜ್. ನಡುವೆ ಉಳಿದ `cells/cumm` ಯೂನಿಟ್. ವಿಟಮಿನ್ ಬಿ12 ನಂಥ ಹೆಸರಿನಲ್ಲಿ ಅಂಕಿ ಇದ್ದರೂ ತೊಂದರೆ ಇಲ್ಲ. ಅಲ್ಲಿ ಅಂಕಿ ಅಕ್ಷರಕ್ಕೆ ಅಂಟಿಕೊಂಡಿದೆ, ಒಂಟಿಯಾಗಿಲ್ಲ. ಎಚ್‌ಬಿಎ1ಸಿ ಕೂಡ ಹಾಗೇ.

ರೇಂಜ್ ಮೂರು ಬಗೆಯಲ್ಲಿ ಇರಬಹುದು ಅಂತ ಸೂತ್ರಕ್ಕೆ ಹೇಳಿದ್ದೇವೆ: `13.0 - 17.0`, `< 200`, `Up to 45`. ಇವುಗಳಲ್ಲಿ ಯಾವುದೂ ಸಾಲಿನ ತುದಿಯಲ್ಲಿ ಇಲ್ಲದಿದ್ದರೆ "ನೋಡಿ" ಅಂತ ಬರುತ್ತದೆ. ತಲೆಬರಹ, ಟೆಸ್ಟ್ ವಿಧಾನದ ಸಾಲು, ರೋಗಿಯ ವಿವರ, ಸಹಿ ಎಲ್ಲಾ "ನೋಡಿ" ಆಗುತ್ತವೆ, ಅವನ್ನು ಅಳಿಸಿ. ಯೂನಿಟ್ ಇಲ್ಲದ ರೇಶಿಯೋ, ಐಎನ್‌ಆರ್ ಕೂಡ ಪಕ್ಕದಲ್ಲಿ `H`, `L` ಗುರುತು ಇಲ್ಲದಿದ್ದರೆ "ನೋಡಿ" ಆಗುತ್ತವೆ, ಗುರುತು ಇದ್ದರೆ ಅದೇ ಹೋಗಿ ಯೂನಿಟ್ ಕಾಲಂನಲ್ಲಿ ಕೂರುತ್ತದೆ. ಅವನ್ನು ಕೈಯಲ್ಲಿ ತುಂಬಿ. ಅನುಮಾನ ಬಂದಾಗ ಸುಮ್ನೆ ಏನೋ ಒಂದು ತುಂಬುವ ಸೂತ್ರಕ್ಕಿಂತ ಕೈಚೆಲ್ಲುವ ಸೂತ್ರವೇ ಮೇಲು. ನಿಮ್ಮ ಊರಿನ ಲ್ಯಾಬ್ ರೇಂಜನ್ನು ಯೂನಿಟ್‌ಗಿಂತ ಮೊದಲು ಹಾಕುತ್ತಿದ್ದರೆ, ಅಥವಾ ರೇಂಜ್ ಆದ ಮೇಲೆ ವಿಧಾನದ ಹೆಸರು ಹಾಕುತ್ತಿದ್ದರೆ ಎಲ್ಲಾ ಸಾಲೂ "ನೋಡಿ" ಆಗುತ್ತವೆ. ಆಗ ಆ ಲ್ಯಾಬ್‌ಗೆ ಸೂತ್ರದ ಕೊನೆಯ ಭಾಗವನ್ನು ಬದಲಿಸಿ ಬೇರೆ ಶೀಟ್ ಇಟ್ಟುಕೊಳ್ಳಬೇಕು. ಎರಡು ಲ್ಯಾಬ್ ಅಂದಿರಲ್ವಾ, ಎರಡು ಶೀಟ್ ಆದರೆ ಆದೀತು.

"ನೋಡಿ" ಬಂದದ್ದು ಅಪಾಯ ಅಲ್ಲ. ಅಪಾಯ ಇರುವುದು ಬಿಡಿಸಿದ ಹಾಗೆ ಕಂಡು ತಪ್ಪು ಬಿಡಿಸಿದ ಸಾಲಿನಲ್ಲಿ. ಇದನ್ನು ಹಿಡಿಯುವುದು ಹೇಗೆ ಅನ್ನುವುದೇ ಈ ಕೆಲಸದ ತಿರುಳು, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ.

ಈ ಎರಡು ಸಾಲು ನೋಡಿ:

```
Vitamin D 25 Hydroxy 14.2 L ng/mL 30 - 100
Haemoglobin 10.8 g/dL M: 13.0-17.0 F: 12.0-15.0
```

ಮೊದಲ ಸಾಲಿನಲ್ಲಿ ಒಂಟಿ ಅಂಕಿ 25 ಹೆಸರಿನದೇ ಭಾಗ. ಸೂತ್ರಕ್ಕೆ ಅದು ಗೊತ್ತಿಲ್ಲ. ಹೆಸರು "ವಿಟಮಿನ್ ಡಿ", ರಿಸಲ್ಟ್ 25 ಅಂತ ಬರೆದುಬಿಡುತ್ತದೆ. ರೇಂಜ್ 30 ರಿಂದ 100. ನೋಡಿದವರಿಗೆ "ಸ್ವಲ್ಪ ಕಡಿಮೆ ಇದೆ" ಅನ್ನಿಸುತ್ತದೆ, ಅನುಮಾನವೇ ಬರುವುದಿಲ್ಲ. ನಿಜವಾದ ರಿಸಲ್ಟ್ 14.2. ಎರಡನೇ ಸಾಲಿನಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ರೇಂಜ್ ಇದೆ. ಸೂತ್ರ ಬಲತುದಿಯದ್ದನ್ನು ಹಿಡಿಯುತ್ತದೆ. ನಿಮ್ಮ ತಂದೆಯ ಹಿಮೋಗ್ಲೋಬಿನ್ ಎದುರು ಹೆಂಗಸರ ರೇಂಜ್ ಬಂದು ಕೂರುತ್ತದೆ.

ರಿಸಲ್ಟ್ ಕಾಲಂ ನೋಡುತ್ತಾ ಕೂತರೆ ಈ ತಪ್ಪು ಸಿಗುವುದಿಲ್ಲ. ಯೂನಿಟ್ ಕಾಲಂ ನೋಡಿದರೆ ತಕ್ಷಣ ಸಿಗುತ್ತದೆ. ಮೊದಲನೆಯದರಲ್ಲಿ ಯೂನಿಟ್ `Hydroxy 14.2 L ng/mL` ಅಂತ ಬಂದಿರುತ್ತದೆ. ಎರಡನೆಯದರಲ್ಲಿ `g/dL M: 13.0-17.0 F:`. ಹೆಸರುಗಳು ನೂರಾರು ಇರಬಹುದು, ರಿಸಲ್ಟ್ ಏನು ಬೇಕಾದರೂ ಇರಬಹುದು. ಆದರೆ ಒಬ್ಬರ ಮಾಮೂಲಿ ರಿಪೋರ್ಟಿನಲ್ಲಿ ಬರುವ ಯೂನಿಟ್‌ಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಎಲ್ಲಿ ತಪ್ಪಾದರೂ ಮಿಕ್ಕ ಕಸ ಬಂದು ಬೀಳುವುದು ಈ ಕಾಲಂಗೇ. ಹಾಗಾಗಿ ಪಕ್ಕದಲ್ಲಿ ಎಲ್ಲಾದರೂ ಇದನ್ನು ಬರೆಯಿರಿ:

```
=SORT(UNIQUE(F2:F))
```

ಶೀಟ್‌ನಲ್ಲಿ ಇರುವ ಯೂನಿಟ್‌ಗಳೆಲ್ಲಾ ಒಂದೊಂದು ಸಲ ಪಟ್ಟಿಯಾಗುತ್ತವೆ. ಕಸ ಇದ್ದರೆ ಒಂದೇ ನೋಟಕ್ಕೆ ಕಣ್ಣಿಗೆ ಹೊಡೆಯುತ್ತದೆ. ನಾನು ಯಾವ ರಿಪೋರ್ಟ್ ಬಿಡಿಸಿದರೂ ಮೊದಲು ನೋಡುವುದು ಈ ಪಟ್ಟಿಯನ್ನು.

ಇದೇ ಪಟ್ಟಿಯಲ್ಲಿ ಇನ್ನೆರಡು ವಿಷಯ ಸಿಗುತ್ತವೆ. ಪ್ಲೇಟ್‌ಲೆಟ್ ಯೂನಿಟ್ ಕೆಲವು ಲ್ಯಾಬ್‌ಗಳಲ್ಲಿ `10³/µL`, ಅಂದರೆ ಹತ್ತರ ಘಾತ ಮೂರು. ಕಾಪಿ ಮಾಡಿದಾಗ ಮೇಲಿದ್ದ ಪುಟ್ಟ 3 ಕೆಳಗಿಳಿದು `103/µL` ಆಗಬಹುದು. ಸಾವಿರ ಇದ್ದದ್ದು ನೂರಮೂರು! ಇನ್ನೊಂದು ಮೈಕ್ರೋ ಗುರುತು `µ`. ಕೆಲವು ಪಿಡಿಎಫ್ ಫಾಂಟ್‌ಗಳಲ್ಲಿ ಅದು ಕಾಪಿ ಆಗುವುದೇ ಇಲ್ಲ. ಸೀರಂ ಐರನ್ 42 `µg/dL` ಇದ್ದದ್ದು 42 `g/dL` ಆಗಿ ಕೂರುತ್ತದೆ, ಹತ್ತು ಲಕ್ಷ ಪಟ್ಟು ವ್ಯತ್ಯಾಸ. `g/dL` ಪಟ್ಟಿಯಲ್ಲಿ ಇರಬೇಕಾದ ಯೂನಿಟ್ಟೇ ಆದ್ದರಿಂದ ಇದು ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಅದಕ್ಕೆ `g/dL` ಇರುವ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ ಹೆಸರು ಓದಿ. ಮಾಮೂಲಿ ರಿಪೋರ್ಟಿನಲ್ಲಿ ಅಲ್ಲಿ ಇರಬೇಕಾದವರು ಹಿಮೋಗ್ಲೋಬಿನ್, ಎಂಸಿಎಚ್‌ಸಿ, ಟೋಟಲ್ ಪ್ರೋಟೀನ್, ಆಲ್ಬುಮಿನ್, ಗ್ಲಾಬ್ಯುಲಿನ್. ಬೇರೆ ಯಾರಾದರೂ ಕಂಡರೆ ಪಿಡಿಎಫ್ ತೆರೆದು ನೋಡಿ.

ಯೂನಿಟ್ ಸರಿಯಾಯಿತು. ಅಂಕಿ ಸರಿಯಾದ ಹೆಸರಿನ ಎದುರೇ ಕೂತಿದೆ ಅಂತ ಹೇಗೆ ಗೊತ್ತಾಗಬೇಕು? ಇದಕ್ಕೆ ರಿಪೋರ್ಟೇ ಸಾಕ್ಷಿ ಹೇಳುತ್ತದೆ. ಲ್ಯಾಬ್ ಕೊಡುವ ಅಂಕಿಗಳಲ್ಲಿ ಕೆಲವು ಒಂದಕ್ಕೊಂದು ಕಟ್ಟಿಹಾಕಿದಂತೆ ಇರುತ್ತವೆ. ಮೇಲಿನ ರಕ್ತದ ರಿಪೋರ್ಟನ್ನೇ ತೆಗೆದುಕೊಳ್ಳಿ. ಎಂಸಿವಿ ಎಂದರೆ ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ. ಪಿಸಿವಿಯನ್ನು ಹತ್ತರಿಂದ ಗುಣಿಸಿ ಆರ್‌ಬಿಸಿಯಿಂದ ಭಾಗಿಸಿದರೆ ಅದು ಬರಬೇಕು. 335 ಭಾಗಿಸು 4.32, ಬಂದದ್ದು 77.5. ರಿಪೋರ್ಟಿನಲ್ಲೂ 77.5. ಒಂದೇ ಲೆಕ್ಕದಲ್ಲಿ ಮೂರು ಸಾಲು ಸರಿಯಾದ ಜಾಗದಲ್ಲಿವೆ ಅಂತ ಖಾತ್ರಿಯಾಯಿತು. ಹಿಮೋಗ್ಲೋಬಿನ್ನನ್ನು ಹತ್ತರಿಂದ ಗುಣಿಸಿ ಆರ್‌ಬಿಸಿಯಿಂದ ಭಾಗಿಸಿದರೆ ಎಂಸಿಎಚ್: 108 ಭಾಗಿಸು 4.32, ಅಂದರೆ 25. ದಶಮಾಂಶದಲ್ಲಿ ಒಂದಿಷ್ಟು ಆಚೀಚೆ ಆಗುವುದು ಸಹಜ, ಲ್ಯಾಬ್ ಅಂಕಿಗಳನ್ನು ಮೊಟಕುಗೊಳಿಸಿರುತ್ತದೆ. 77.5 ಇರುವ ಕಡೆ 95 ಬಂದರೆ ಮಾತ್ರ ಸಾಲು ಜರುಗಿದೆ ಅಂತ ತಿಳಿಯಿರಿ.

ಬಿಳಿ ರಕ್ತಕಣಗಳ ಡಿಫರೆನ್ಶಿಯಲ್ ಕೌಂಟ್ ಇನ್ನೂ ಸುಲಭ. ನ್ಯೂಟ್ರೊಫಿಲ್ 72, ಲಿಂಫೋಸೈಟ್ 20, ಇಯೊಸಿನೊಫಿಲ್ 4, ಮೊನೊಸೈಟ್ 3, ಬೇಸೊಫಿಲ್ 1. ಕೂಡಿದರೆ 100 ಬರಲೇಬೇಕು. ಬೇಸೊಫಿಲ್ ಸಾಲು "ನೋಡಿ" ಆಗಿ ನೀವು ಅಳಿಸಿಬಿಟ್ಟಿದ್ದರೆ 99 ಬಂದು ಸಿಕ್ಕಿಬೀಳುತ್ತದೆ. ತಂದೆಗೆ ಶುಗರ್ ಇರುವುದರಿಂದ ಎಚ್‌ಬಿಎ1ಸಿ ಜೊತೆ ಸರಾಸರಿ ಗ್ಲೂಕೋಸ್ ಅಂತ ಒಂದು ಸಾಲು ಇರುತ್ತದೆ. ಅದು ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಎಚ್‌ಬಿಎ1ಸಿಯನ್ನು 28.7 ರಿಂದ ಗುಣಿಸಿ 46.7 ಕಳೆಯುತ್ತಾರೆ. 8.1 ಇದ್ದರೆ 185.8 ಬರುತ್ತದೆ, ರಿಪೋರ್ಟ್ 186 ಅನ್ನುತ್ತದೆ. ಕಿಡ್ನಿ ಪ್ಯಾನೆಲ್‌ನಲ್ಲಿ ಯೂರಿಯಾ 48 ನ್ನು 2.14 ರಿಂದ ಭಾಗಿಸಿದರೆ ಬಿಯುಎನ್ 22.4, ಅದನ್ನು ಕ್ರಿಯಾಟಿನಿನ್ 1.42 ರಿಂದ ಭಾಗಿಸಿದರೆ 15.8. ಮೇಲೆ ಬರೆದ ರೇಶಿಯೋ ಅದೇ.

ಈ ಲೆಕ್ಕಕ್ಕೆ ಒಂದು ಸಣ್ಣ ಅಡ್ಡಿ ಇದೆ. ಡಿ ಕಾಲಂನಲ್ಲಿ ಬಂದದ್ದು ಅಕ್ಷರದ ರೂಪದಲ್ಲಿ ಇರುತ್ತದೆ, ಅಂಕಿ ಆಗಿರುವುದಿಲ್ಲ. ಎಚ್ ಕಾಲಂನಲ್ಲಿ ಅದನ್ನು ಅಂಕಿ ಮಾಡಿಕೊಳ್ಳಿ:

```
=IFERROR(VALUE(SUBSTITUTE(D2,",","")),"")
```

`<0.01` ಥರದ ರಿಸಲ್ಟ್‌ಗೆ ಇಲ್ಲಿ ಖಾಲಿ ಬರುತ್ತದೆ. ಅದೇ ಸರಿ. "0.01 ಕ್ಕಿಂತ ಕಡಿಮೆ" ಅಂದರೆ ಯಂತ್ರಕ್ಕೆ ಅದಕ್ಕಿಂತ ಕೆಳಗೆ ಅಳೆಯಲು ಆಗಲಿಲ್ಲ ಅಂತ. ಅದನ್ನು 0.01 ಮಾಡಿ ಗ್ರಾಫ್ ಹಾಕಬಾರದು.

ಪೇಪರ್ ರಿಪೋರ್ಟಿನ ಫೋಟೋ ತೆಗೆದು ಅದರಿಂದ ಅಕ್ಷರ ಎತ್ತಿದ್ದರೆ ಈ ತಾಳೆ ಇಲ್ಲದೆ ಮುಂದೆ ಹೋಗಲೇಬೇಡಿ. ಫೋಟೋದಲ್ಲಿ ಮೊದಲು ಕಳೆದುಹೋಗುವುದು ದಶಮಾಂಶದ ಚುಕ್ಕೆ. 1.42 ಇದ್ದ ಕ್ರಿಯಾಟಿನಿನ್ 142 ಆಗುತ್ತದೆ. ಅದು ಎದ್ದು ಕಾಣುತ್ತದೆ ಬಿಡಿ. ಚುಕ್ಕೆ ರೇಂಜಿನಲ್ಲಿ ಮಾತ್ರ ಹೋಗಿ 0.7 - 1.3 ಇದ್ದದ್ದು 07 - 13 ಆದರೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಇಲ್ಲಿ ಇ ಕಾಲಂನ ಗುರುತು ಕೆಲಸಕ್ಕೆ ಬರುತ್ತದೆ. ಲ್ಯಾಬ್ `H` ಹಾಕಿದೆ, ನಿಮ್ಮ ಶೀಟ್ ಪ್ರಕಾರ ರಿಸಲ್ಟ್ ರೇಂಜ್ ಒಳಗೆ ಅಥವಾ ಅದಕ್ಕಿಂತ ಕೆಳಗೆ ಇದೆ ಅಂದರೆ ಎರಡರಲ್ಲಿ ಒಂದು ತಪ್ಪು ಬಿದ್ದಿದೆ.

ಎಚ್‌ಬಿಎ1ಸಿ ಬಗ್ಗೆ ಇನ್ನೊಂದು ಮಾತು. ಅದರ ರೇಂಜ್ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ:

```
HbA1c 8.1 %
Non-diabetic: < 5.7
Prediabetes: 5.7 - 6.4
Diabetes: >= 6.5
```

ಸೂತ್ರ ಈ ನಾಲ್ಕಕ್ಕೂ "ನೋಡಿ" ಅನ್ನುತ್ತದೆ. ಕೈಯಲ್ಲಿ ತುಂಬುವಾಗ ಗೀಟು ಇರುವ ಸಾಲು ಒಂದೇ ಅಂತ `5.7 - 6.4` ನ್ನು ರೇಂಜ್ ಕಾಲಂಗೆ ಹಾಕಲು ಕೈ ಹೋಗುತ್ತದೆ. ಅದು ನಾರ್ಮಲ್ ರೇಂಜ್ ಅಲ್ಲ, ಶುಗರ್ ಬರುವ ಮುಂಚಿನ ಹಂತ. ಹಾಗೆ ಹಾಕಿದರೆ 6.2 ಬಂದವರು ನಾರ್ಮಲ್, 5.2 ಬಂದವರು "ಲೋ" ಆಗಿಬಿಡುತ್ತಾರೆ! ಮೂರೂ ಸಾಲನ್ನು ಅಲ್ಪವಿರಾಮ ಹಾಕಿ ಒಂದೇ ಸೆಲ್‌ನಲ್ಲಿ ಬರೆಯಿರಿ. ಕೊಲೆಸ್ಟರಾಲ್, ವಿಟಮಿನ್ ಡಿ ರಿಪೋರ್ಟುಗಳಲ್ಲೂ ಇಂಥ ಮೆಟ್ಟಿಲು ಮೆಟ್ಟಿಲಾದ ರೇಂಜ್ ಸಿಗುತ್ತದೆ, ಅಲ್ಲೂ ಹೀಗೇ ಮಾಡಿ.

ಈಗ ಎರಡು ಊರಿನ ರಿಪೋರ್ಟನ್ನು ಒಟ್ಟು ಸೇರಿಸುವುದು. ಸೇರಿಸುವ ಶೀಟ್‌ನಲ್ಲಿ ಇನ್ನೆರಡು ಕಾಲಂ ಬೇಕು: ರಕ್ತ ಕೊಟ್ಟ ತಾರೀಖು ಮತ್ತು ಲ್ಯಾಬ್ ಹೆಸರು. ರಿಪೋರ್ಟಿನ ಮೇಲೆ ಎರಡು ಮೂರು ತಾರೀಖು ಇರುತ್ತವೆ, ಸ್ಯಾಂಪಲ್ ತೆಗೆದದ್ದನ್ನೇ ಬರೆಯಿರಿ. ರೇಂಜ್ ಪ್ರತಿ ಸಾಲಿನ ಜೊತೆಯಲ್ಲೇ ಇರಬೇಕು. "ಎಲ್ಲಾದಕ್ಕೂ ಒಂದೇ ರೇಂಜ್ ಇರಲಿ" ಅಂತ ದಾವಣಗೆರೆ ಲ್ಯಾಬ್‌ನದ್ದನ್ನು ಚಿತ್ರದುರ್ಗದ ರಿಸಲ್ಟ್‌ಗೆ ಹಾಕಬೇಡಿ. ಯಂತ್ರ, ಕೆಮಿಕಲ್, ವಿಧಾನ ಬದಲಾದರೆ ರೇಂಜ್ ಬದಲಾಗುತ್ತದೆ. ಎಸ್‌ಜಿಪಿಟಿಗೆ ಒಂದು ಕಡೆ 45 ರ ವರೆಗೆ, ಇನ್ನೊಂದು ಕಡೆ 50 ರ ವರೆಗೆ ಅಂತ ಇರುವುದು ಮಾಮೂಲು.

ಯೂನಿಟ್ ಕೂಡ ಬೇರೆ ಇರಬಹುದು. ಒಂದು ಲ್ಯಾಬ್ ಪ್ಲೇಟ್‌ಲೆಟ್ 2.45 `lakhs/cumm` ಅಂತ ಕೊಡುತ್ತದೆ, ಇನ್ನೊಂದು 245 `10^3/µL` ಅಂತ. ಒಂದು `cumm` ಅಂದರೂ ಒಂದು `µL` ಅಂದರೂ ಅಳತೆ ಒಂದೇ. ಒಂದು ಲಕ್ಷ ಅಂದರೆ ನೂರು ಸಾವಿರ. ಹಾಗಾಗಿ ಎರಡೂ ಒಂದೇ ರಿಸಲ್ಟ್. ಟಿಎಸ್‌ಎಚ್‌ನ `µIU/mL` ಮತ್ತು `mIU/L` ಕೂಡ ಒಂದೇ, ಅಂಕಿ ಬದಲಾಗುವುದಿಲ್ಲ. ಗ್ರಾಫ್‌ಗಾಗಿ ಬದಲಿಸಲೇಬೇಕಾದರೆ ಬದಲಿಸಿದ ಅಂಕಿಗೆ ಬೇರೆ ಕಾಲಂ ಮಾಡಿ. ಲ್ಯಾಬ್ ಕೊಟ್ಟ ರಿಸಲ್ಟ್, ಯೂನಿಟ್, ರೇಂಜ್ ಮೂರೂ ಕೊಟ್ಟ ಹಾಗೇ ಜೊತೆಯಲ್ಲಿರಲಿ. ರಿಸಲ್ಟ್ ಒಂದನ್ನೇ ಬದಲಿಸಿ ರೇಂಜ್ ಹಾಗೇ ಬಿಟ್ಟರೆ 245 ರ ಎದುರು 1.5 - 4.1 ಬಂದು ಕೂರುತ್ತದೆ.

ಮೂತ್ರ ಪರೀಕ್ಷೆಯನ್ನು ಮಾತ್ರ ಈ ಸೂತ್ರಕ್ಕೆ ಕೊಡಬೇಡಿ. ಅಲ್ಲಿ "ನಿಲ್", "ಟ್ರೇಸ್", "ನೆಗೆಟಿವ್" ಅಂತ ಬರುವ ಸಾಲುಗಳೇ ಜಾಸ್ತಿ. ಪಸ್ ಸೆಲ್ಸ್ ರಿಸಲ್ಟ್ ಅಂತೂ ತಾನೇ ಒಂದು ರೇಂಜ್ ಥರ ಇರುತ್ತದೆ: `2 - 4 /hpf`, ಅದರ ಪಕ್ಕ ನಾರ್ಮಲ್ `0 - 5`. ಸೂತ್ರ 2 ನ್ನು ರಿಸಲ್ಟ್ ಮಾಡಿ `- 4 /hpf` ನ್ನು ಯೂನಿಟ್ ಮಾಡುತ್ತದೆ. ಒಂದು ಮೂತ್ರ ಪರೀಕ್ಷೆಯಲ್ಲಿ ಡಾಕ್ಟರು ಹಿಂದಿನದರ ಜೊತೆ ಹೋಲಿಸಿ ನೋಡುವುದು ಪ್ರೋಟೀನ್, ಗ್ಲೂಕೋಸ್, ಪಸ್ ಸೆಲ್ಸ್ ಥರದ ಕೆಲವೇ ಸಾಲು. ಅವನ್ನು ಬೇರೆ ಶೀಟ್‌ನಲ್ಲಿ, ಎಲ್ಲಾ ಕಾಲಂಗೂ ಪ್ಲೇನ್ ಟೆಕ್ಸ್ಟ್ ಒತ್ತಿ, ಕೈಯಲ್ಲೇ ಬರೆದುಕೊಳ್ಳಿ. ಸೂತ್ರ ತಿದ್ದುತ್ತಾ ಕೂರುವುದಕ್ಕಿಂತ ಬೇಗ ಮುಗಿಯುತ್ತದೆ.